ಪರ್ಸೆಂಟ್ ಬಿ, ಬ್ಯಾಂಡ್‌ವಿಡ್ತ್: ಎರಡನ್ನೂ ಬಳಸಿ ನೋಡಿದ ಮೇಲೆ

ಷೇರು ಬೆಲೆಯ ಚಾರ್ಟುಗಳಿಗಾಗಿ ಜಾನ್ ಬೋಲಿಂಜರ್ 1980ರ ದಶಕದಲ್ಲಿ ರೂಪಿಸಿದ ಬ್ಯಾಂಡುಗಳನ್ನು ನಾನು ಬಹಳ ಕಾಲ ಕಣ್ಣಳತೆಯಲ್ಲೇ ಓದುತ್ತಿದ್ದೆ. ಬೆಲೆ ಮೇಲಿನ ಗೆರೆಗೆ ತಾಗಿತಾ, ಗೆರೆಗಳು ಹತ್ತಿರ ಬಂದವಾ, ಅಷ್ಟೇ. ಆಮೇಲೆ ಅವರೇ ಕೊಟ್ಟ ಎರಡು ಅಳತೆಗಳನ್ನು ಚಾರ್ಟಿನ ಕೆಳಗೆ ಹಾಕಿಕೊಂಡೆ. ಮೊದಲು ಪರ್ಸೆಂಟ್ ಬಿ ಒಂದನ್ನೇ ಕೆಲವು ತಿಂಗಳು ಬಳಸಿದೆ. ನಂತರ ಬ್ಯಾಂಡ್‌ವಿಡ್ತ್ ಒಂದನ್ನೇ. ಈಗ ಎರಡೂ ಇವೆ, ಆದರೆ ಎರಡರ ಮೇಲೂ ಒಂದೇ ನಂಬಿಕೆ ಇಲ್ಲ.

ಲೆಕ್ಕ ಸುಲಭ. ಇವತ್ತಿನದೂ ಸೇರಿ ಕೊನೆಯ 20 ಕ್ಲೋಸಿಂಗ್ ಬೆಲೆಗಳ ಸರಾಸರಿ ನಡುಗೆರೆ. ಅದಕ್ಕೆ ಸ್ಟ್ಯಾಂಡರ್ಡ್ ಡೀವಿಯೇಷನ್‌ನ ಎರಡು ಪಟ್ಟು ಕೂಡಿಸಿದರೆ ಮೇಲಿನ ಗೆರೆ, ಕಳೆದರೆ ಕೆಳಗಿನ ಗೆರೆ. ಈ ಎರಡು ಗೆರೆಗಳ ನಡುವೆ ಬೆಲೆ ಎಲ್ಲಿ ನಿಂತಿದೆ ಅಂತ ಪರ್ಸೆಂಟ್ ಬಿ ಹೇಳುತ್ತದೆ: ಕೆಳಗಿನ ಗೆರೆಯಲ್ಲಿ 0, ನಡುವೆ 0.5, ಮೇಲಿನ ಗೆರೆಯಲ್ಲಿ 1. ಗೆರೆಗಳ ನಡುವಿನ ಅಂತರವನ್ನು ನಡುಗೆರೆಯಿಂದ ಭಾಗಿಸಿದರೆ ಬ್ಯಾಂಡ್‌ವಿಡ್ತ್.

```python
m = close.rolling(20).mean()
s = close.rolling(20).std(ddof=0)
pb = (close - (m - 2*s)) / (4*s)
bw = 4*s / m
```

ಆ `ddof=0` ಬಿಡಬೇಡಿ. ಅದಿಲ್ಲದೆ ಬರೆದು, ನನ್ನ ಅಂಕಿಗಳು ಚಾರ್ಟಿನ ಅಂಕಿಗಳಿಗೆ ಯಾಕೆ ಹೊಂದುತ್ತಿಲ್ಲ ಅಂತ ಒಂದು ಸಂಜೆ ಪೂರ್ತಿ ತಲೆ ಕೆಡಿಸಿಕೊಂಡಿದ್ದೇನೆ. ಅದಿಲ್ಲದಿದ್ದರೆ ಪಾಂಡಾಸ್ 20ರ ಬದಲು 19ರಿಂದ ಭಾಗಿಸುತ್ತದೆ, ಬ್ಯಾಂಡು ಸುಮಾರು 2.6 ಪರ್ಸೆಂಟ್ ಅಗಲವಾಗಿ ಬರುತ್ತದೆ.

ಪರ್ಸೆಂಟ್ ಬಿ ನನ್ನನ್ನು ದಾರಿ ತಪ್ಪಿಸಿದ್ದು ಹೀಗೆ. ಒಂದು ಷೇರಿನ ನಡುಗೆರೆ 500, ಗೆರೆಗಳು 490 ಮತ್ತು 510 ಅಂತಿಟ್ಟುಕೊಳ್ಳಿ. ಬೆಲೆ 509ಕ್ಕೆ ಬಂದರೆ ಪರ್ಸೆಂಟ್ ಬಿ 0.95. ಇನ್ನೊಂದು ಷೇರಿನ ನಡುಗೆರೆಯೂ 500, ಆದರೆ ಗೆರೆಗಳು 460 ಮತ್ತು 540. ಅಲ್ಲಿ ಬೆಲೆ 536 ಇದ್ದರೂ ಪರ್ಸೆಂಟ್ ಬಿ 0.95. ಒಂದು ಸರಾಸರಿಯಿಂದ ಬರೀ 9 ಪಾಯಿಂಟ್ ಮೇಲಿದೆ, ಇನ್ನೊಂದು 36 ಪಾಯಿಂಟ್. ಅಂಕಿ ಮಾತ್ರ ಒಂದೇ! ಅಗಲದಿಂದ ಭಾಗಿಸಿದ ಕೂಡಲೇ ಅಗಲದ ಸುದ್ದಿಯೇ ಅಳಿಸಿಹೋಗುತ್ತದೆ. ನಾನು 0.95 ನೋಡಿ 'ತುಂಬಾ ಏರಿದೆ' ಅಂತ ಮಾರುತ್ತಿದ್ದೆ. ಬ್ಯಾಂಡು ಬಿಗಿಯಾಗಿದ್ದಾಗ ಬೆಲೆ ನಿಜಕ್ಕೂ ಎಲ್ಲಿಗೂ ಹೋಗಿರುತ್ತಿರಲಿಲ್ಲ.

ಬ್ಯಾಂಡ್‌ವಿಡ್ತ್ ಹಾಕಿದ್ದರೆ ವ್ಯತ್ಯಾಸ ತಕ್ಷಣ ಕಾಣುತ್ತಿತ್ತು: ಮೊದಲನೆಯದರಲ್ಲಿ 4 ಪರ್ಸೆಂಟ್, ಎರಡನೆಯದರಲ್ಲಿ 16. ಆದರೆ 4 ಅಂದರೆ ಬಿಗಿ, 16 ಅಂದರೆ ಸಡಿಲ ಅನ್ನುವ ನಿಯಮ ಇಲ್ಲ. ಒಂದು ಷೇರಿಗೆ 4 ದಿನನಿತ್ಯದ ಅಗಲ, ಇನ್ನೊಂದಕ್ಕೆ ಅಪರೂಪ. ಅದಕ್ಕೇ ಬೋಲಿಂಜರ್ ಸ್ಕ್ವೀಜ್‌ಗೆ ನಿಗದಿತ ಅಂಕಿ ಕೊಡಲಿಲ್ಲ. ಆ ಷೇರಿನದೇ ಆರು ತಿಂಗಳ ಅತಿ ಕಡಿಮೆ ಬ್ಯಾಂಡ್‌ವಿಡ್ತ್ ಬಂದರೆ ಅದು ಸ್ಕ್ವೀಜ್ ಅಂದರು. ನಾನು 125 ವಹಿವಾಟು ದಿನ ಅಂತ ಹಿಡಿಯುತ್ತೇನೆ.

ಈಗ ಆ ಬಿಗಿಯಾದ ಷೇರು ಸಿಡಿಯುವ ದಿನ ನೋಡೋಣ. 20 ದಿನಗಳ ಕಿಟಕಿಯಿಂದ 500ರ ಒಂದು ದಿನ ಹೊರಗೆ ಹೋಗಿ, ಆ ಜಾಗಕ್ಕೆ 530 ಬಂತು ಅನ್ನಿ. ಸರಾಸರಿ 501.5 ಆಗುತ್ತದೆ. ಸ್ಟ್ಯಾಂಡರ್ಡ್ ಡೀವಿಯೇಷನ್ 5 ಇದ್ದದ್ದು ಸುಮಾರು 8.23ಕ್ಕೆ ಏರುತ್ತದೆ. ಮೇಲಿನ ಗೆರೆ ಸುಮಾರು 518, ಕೆಳಗಿನದು ಸುಮಾರು 485. ಬೆಲೆ 30 ಪಾಯಿಂಟ್ ಏರಿದೆ, ಕೆಳಗಿನ ಗೆರೆ 5 ಪಾಯಿಂಟ್ ಇಳಿದಿದೆ. ನಿಜವಾಗಿ ಹೊರಬಿದ್ದ ದಿನ ಗೆರೆಗಳು ಹೀಗೆ ಬಾಯಿ ಬಿಡುತ್ತವೆ.

ಆ ದಿನ ಪರ್ಸೆಂಟ್ ಬಿ 1.37, ಬ್ಯಾಂಡ್‌ವಿಡ್ತ್ 6.6. ಹಿಂದಿನ ದಿನದ ಗೆರೆಗಳಿಂದಲೇ ಲೆಕ್ಕ ಹಾಕಿದ್ದರೆ ಪರ್ಸೆಂಟ್ ಬಿ 2 ಬರುತ್ತಿತ್ತು. ಬೆಲೆಯೇ ಗೆರೆಯನ್ನು ತನ್ನ ಜೊತೆ ಎಳೆದುಕೊಂಡು ಹೋದದ್ದರಿಂದ 1.37ಕ್ಕೆ ನಿಂತಿತು. 20 ದಿನದ ಬ್ಯಾಂಡಿನಲ್ಲಿ ಎಷ್ಟೇ ದೊಡ್ಡ ಜಿಗಿತ ಬಂದರೂ ಪರ್ಸೆಂಟ್ ಬಿ 1.59 ದಾಟುವುದಕ್ಕೇ ಆಗುವುದಿಲ್ಲ. ಈ ಮಿತಿ ಗೊತ್ತಿಲ್ಲದೆ ನಾನು ಸ್ಕ್ರೀನರ್‌ನಲ್ಲಿ '1.6ಕ್ಕಿಂತ ಜಾಸ್ತಿ' ಅಂತ ಹಾಕಿ, ಒಂದೂ ಷೇರು ಯಾಕೆ ಸಿಗುತ್ತಿಲ್ಲ ಅಂತ ಕಾಯುತ್ತಿದ್ದೆ.

ಇದೇ ಷೇರು 530ರ ಬದಲು 470ಕ್ಕೆ ಬಿದ್ದಿದ್ದರೂ ಬ್ಯಾಂಡ್‌ವಿಡ್ತ್ 6.6. ಏರಿತೋ ಬಿತ್ತೋ ಅನ್ನುವುದು ಅದಕ್ಕೆ ಗೊತ್ತೇ ಇಲ್ಲ. ಪರ್ಸೆಂಟ್ ಬಿ ಆದರೋ ಆಗ −0.37 ತೋರಿಸುತ್ತದೆ. ಅದಕ್ಕೇ ನಾನು ಈಗ ಮೊದಲು ಬ್ಯಾಂಡ್‌ವಿಡ್ತ್ ನೋಡುತ್ತೇನೆ. ಅದು ಆರು ತಿಂಗಳ ತಳದಲ್ಲಿದ್ದರೆ, 0 ಮತ್ತು 1ರ ನಡುವೆ ಪರ್ಸೆಂಟ್ ಬಿ ಏನೇ ಹೇಳಿದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಬ್ಯಾಂಡ್‌ವಿಡ್ತ್ ತಳದಿಂದ ಎದ್ದ ದಿನ ಪರ್ಸೆಂಟ್ ಬಿ 1 ದಾಟಿದ್ದರೆ ಅದನ್ನು ಮಾರುವ ಸೂಚನೆ ಅಂತ ಓದುವುದಿಲ್ಲ. ಬೆಲೆ ಮೇಲಿನ ಗೆರೆಯನ್ನೇ ಹಿಡಿದು ವಾರಗಟ್ಟಲೆ ನಡೆಯಬಹುದು. ಹೀಗೆ ಮೊದಲ ದಿನವೇ ಮಾರಿ, ಆಮೇಲಿನ ಏರಿಕೆಯನ್ನು ಸುಮ್ನೆ ನೋಡುತ್ತಾ ಕೂತ ನೆನಪು ನನಗೆ ಇನ್ನೂ ಇದೆ. ಮೊದಲ ಜಿಗಿತವೇ ಸುಳ್ಳಾಗಿ, ಬೆಲೆ ಎದುರು ದಿಕ್ಕಿಗೆ ತಿರುಗುವುದೂ ಉಂಟು. ಅದನ್ನು ಈ ಎರಡರಲ್ಲಿ ಯಾವುದೂ ಮೊದಲೇ ಹೇಳುವುದಿಲ್ಲ.

ಪರ್ಸೆಂಟ್ ಬಿ ಸ್ಪಷ್ಟವಾಗಿ ಗೆಲ್ಲುವ ಒಂದು ಜಾಗ ಇದೆ, ಎರಡು ತಳಗಳನ್ನು ಹೋಲಿಸುವಾಗ. ಮೊದಲ ತಳ 460, ಆಗಿನ ಗೆರೆಗಳು 464 ಮತ್ತು 520. ಪರ್ಸೆಂಟ್ ಬಿ −0.07, ಅಂದರೆ ಬೆಲೆ ಬ್ಯಾಂಡಿನ ಹೊರಗೆ. ಎರಡನೇ ತಳ 456, ಗೆರೆಗಳು 448 ಮತ್ತು 508. ಬೆಲೆ ಇನ್ನೂ ಕೆಳಗಿದೆ, ಆದರೆ ಪರ್ಸೆಂಟ್ ಬಿ 0.13, ಒಳಗೆ ಬಂದಿದೆ. ಇಳಿತದ ಜೋರು ಕಡಿಮೆಯಾಗುತ್ತಿದೆ ಅನ್ನುವ ಈ ಸುಳಿವು ಬ್ಯಾಂಡ್‌ವಿಡ್ತ್‌ನಲ್ಲಿ ಕಾಣುವುದಿಲ್ಲ. ಅಲ್ಲಿ 11.4 ಇದ್ದದ್ದು 12.6 ಆಗಿರುತ್ತದೆ, ಅಷ್ಟೇ.

ಇಷ್ಟಾದರೂ ಒಂದನ್ನೇ ಇಟ್ಟುಕೊಳ್ಳಿ ಅಂದರೆ ನಾನು ಬ್ಯಾಂಡ್‌ವಿಡ್ತ್ ಇಟ್ಟುಕೊಳ್ಳುತ್ತೇನೆ. ಬೆಲೆ ಗೆರೆಗಳ ನಡುವೆ ಎಲ್ಲಿದೆ ಅನ್ನುವುದು ಬ್ಯಾಂಡ್ ಹಾಕಿದ ಚಾರ್ಟಿನಲ್ಲಿ ಕಣ್ಣಿಗೇ ಕಾಣುತ್ತದೆ. ಅಗಲ ಹಾಗಲ್ಲ. ಪರದೆಯ ಮೇಲಿರುವ ದಿನಗಳಿಗೆ ತಕ್ಕಂತೆ ಚಾರ್ಟು ತನ್ನ ಅಳತೆಯನ್ನು ತಾನೇ ಬದಲಿಸಿಕೊಳ್ಳುತ್ತದೆ. ಎರಡು ತಿಂಗಳು ತೋರಿಸಿದರೆ ಅಗಲ ಅನಿಸುವ ಬ್ಯಾಂಡು, ಎರಡು ವರ್ಷ ತೋರಿಸಿದರೆ ದಾರದಷ್ಟು ಸಣ್ಣ.

ಬ್ಯಾಂಡ್‌ವಿಡ್ತ್‌ನಲ್ಲೂ ಒಂದು ಮೋಸ ಇದೆ. ಬೆಲೆ ಒಂದೇ ದಿನ 530ಕ್ಕೆ ಹಾರಿ ಮರುದಿನ 500ಕ್ಕೆ ವಾಪಸ್ ಬಂತು ಅನ್ನಿ. ಆ ಒಂದು ದಿನ ಕಿಟಕಿಯೊಳಗೆ ಇರುವ ತನಕ ಬ್ಯಾಂಡ್‌ವಿಡ್ತ್ 6.6ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಅದು ಹೊರಗೆ ಬಿದ್ದ ದಿನ 4ರ ಹತ್ತಿರಕ್ಕೆ ಕುಸಿಯುತ್ತದೆ. ಮಾರುಕಟ್ಟೆಯಲ್ಲಿ ಅವತ್ತು ಏನೂ ಆಗಿರುವುದಿಲ್ಲ. ಹಾಗಾಗಿ ಬ್ಯಾಂಡ್‌ವಿಡ್ತ್ ಒಮ್ಮೆಲೇ ಕುಸಿದರೆ ನಾನು ಇವತ್ತಿನ ಬೆಲೆ ನೋಡುವುದಿಲ್ಲ, ಸರಿಯಾಗಿ 20 ದಿನ ಹಿಂದಿನ ಕ್ಲೋಸಿಂಗ್ ಬೆಲೆ ನೋಡುತ್ತೇನೆ.