ಹೊಸ ಡಬ್ಬದ ಸ್ಕೂಪು, ಹಳೇ ಲೆಕ್ಕ: ಮಗುವಿನ ಹಾಲಿನ ಪುಡಿಯಲ್ಲಿ ನಾವು ಮಾಡಿದ ತಪ್ಪು

ಪುಟ್ಟ ಮಗುವಿಗೆ ಫಾರ್ಮುಲಾ ಹಾಲು ಕೊಡುತ್ತಿರುವವರು, ಅದರಲ್ಲೂ ಹಗಲು ಹೊತ್ತು ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು ಆಫೀಸಿಗೆ ಹೋಗುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಮನೆಯಲ್ಲಿ ಎರಡೇ ದಿನದಲ್ಲಿ ನಡೆದದ್ದು ಇದು. ಯಾರದೂ ನಿರ್ಲಕ್ಷ್ಯ ಅಲ್ಲ, ಆದರೂ ಮಗು ಆಸ್ಪತ್ರೆ ಸೇರಿತು.

ನಾವಿರುವುದು ಬನಶಂಕರಿಯಲ್ಲಿ. ಮಗನಿಗೆ ಆಗ ಐದು ತಿಂಗಳು. ನಾನು ಕೆಲಸಕ್ಕೆ ಮತ್ತೆ ಹೋಗಲು ಶುರು ಮಾಡಿದ್ದೆ. ಬೆಳಿಗ್ಗೆ, ರಾತ್ರಿ ನನ್ನ ಹಾಲು. ಹಗಲು ಅತ್ತೆ ಮೂರು ಬಾಟಲಿ ಫಾರ್ಮುಲಾ ಕುಡಿಸುತ್ತಿದ್ದರು. ಇಲ್ಲಿನ ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಡಬ್ಬ, 30 ಎಂಎಲ್ ನೀರಿಗೆ ಒಂದು ಸ್ಕೂಪ್. 120 ಎಂಎಲ್‌ಗೆ ನಾಲ್ಕು. ಅತ್ತೆಗೆ ಈ ಲೆಕ್ಕ ಬಾಯಿಪಾಠ ಆಗಿತ್ತು.

ಅಮೆರಿಕದಿಂದ ಬಂದ ನಾದಿನಿ ಪ್ರೀತಿಯಿಂದ ಅಲ್ಲಿನ ಎರಡು ಡಬ್ಬ ತಂದಳು. ನಾನು ವಯಸ್ಸು ನೋಡಿದೆ. ಹುಟ್ಟಿದ ಮಗುವಿನಿಂದ ಹನ್ನೆರಡು ತಿಂಗಳವರೆಗೆ ಎಂದಿತ್ತು. ಎಕ್ಸ್‌ಪೈರಿ ನೋಡಿದೆ, ಇನ್ನೂ ಬಹಳ ದಿನ ಇತ್ತು. ಸರಿ ಇದೆ ಎಂದು ಅಡುಗೆಮನೆಯಲ್ಲಿ ಇಟ್ಟೆ. ಹಿಂದೆ ತಿರುಗಿಸಿ ಕಲಸುವ ಅಳತೆ ಓದಲಿಲ್ಲ. ಅಲ್ಲೇ ತಪ್ಪಿದ್ದು.

ಆ ಡಬ್ಬದ ಅಳತೆ ಎಂಎಲ್‌ನಲ್ಲಿ ಇರಲಿಲ್ಲ, ಔನ್ಸ್‌ನಲ್ಲಿ ಇತ್ತು. ಎರಡು ಔನ್ಸ್ ನೀರಿಗೆ ಒಂದು ಸ್ಕೂಪ್. ಎರಡು ಔನ್ಸ್ ಅಂದರೆ ಸುಮಾರು 60 ಎಂಎಲ್. ಅಂದರೆ ಆ ಡಬ್ಬದೊಳಗಿನ ಸ್ಕೂಪ್ ನಮ್ಮ ಹಳೆಯದಕ್ಕಿಂತ ಸುಮಾರು ಎರಡು ಪಟ್ಟು ದೊಡ್ಡದು. ಹಳೆಯದರಲ್ಲಿ ನಾಲ್ಕೂವರೆ ಗ್ರಾಂ ಹತ್ತಿರ ಹಿಡಿದರೆ ಇದರಲ್ಲಿ ಒಂಬತ್ತು ಗ್ರಾಂ ಹತ್ತಿರ. ಅತ್ತೆ ಹೊಸ ಡಬ್ಬದಲ್ಲೇ ಇದ್ದ ಸ್ಕೂಪ್ ತೆಗೆದುಕೊಂಡರು, ಹಳೇ ಲೆಕ್ಕದಲ್ಲಿ ನಾಲ್ಕು ಹಾಕಿದರು. 120 ಎಂಎಲ್ ನೀರಿಗೆ 18 ಗ್ರಾಂ ಬೀಳಬೇಕಿದ್ದ ಕಡೆ 35 ಗ್ರಾಂ ಬಿತ್ತು. ಪಕ್ಕಪಕ್ಕ ಇಟ್ಟು ನೋಡಿದರೆ ಸ್ಕೂಪುಗಳ ವ್ಯತ್ಯಾಸ ಎದ್ದು ಕಾಣುತ್ತದೆ. ಆದರೆ ಹಳೇ ಡಬ್ಬ ಖಾಲಿಯಾಗಿ ಕಸದ ಗಾಡಿಗೆ ಹೋಗಿತ್ತಲ್ಲ, ಪಕ್ಕದಲ್ಲಿ ಇಡುವುದೇನು?

ಮೊದಲ ದಿನ ಮಗು ಜಾಸ್ತಿ ಅತ್ತಿತು. ಹಸಿವು ಎಂದುಕೊಂಡು ಇನ್ನೊಂದು ಬಾಟಲಿ ಕೊಟ್ಟೆವು. ಈಗ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ. ಅದು ಬಾಯಾರಿಕೆ, ನಾವು ಅದಕ್ಕೆ ಅದೇ ಗಟ್ಟಿ ಹಾಲನ್ನೇ ಮತ್ತೆ ಕುಡಿಸಿದೆವು. ಎರಡನೇ ದಿನ ಕಕ್ಕ ಗಟ್ಟಿಯಾಗಿ ಗುಂಡುಗುಂಡಾಗಿ ಬಂತು. ಸಾಮಾನ್ಯವಾಗಿ ದಿನಕ್ಕೆ ಆರೇಳು ಡೈಪರ್ ಒದ್ದೆ ಆಗುತ್ತಿತ್ತು, ಅವತ್ತು ಸಂಜೆವರೆಗೆ ಎರಡೇ. ಉಚ್ಚೆ ಕಡು ಹಳದಿ. ರಾತ್ರಿ ಎಂಟಕ್ಕೆ ನಾನು ಎತ್ತಿಕೊಂಡಾಗ ತುಟಿ ಒಣಗಿತ್ತು, ಮೈ ಸ್ವಲ್ಪ ಬಿಸಿ, ಎಂದಿನಂತೆ ನನ್ನ ಮುಖ ನೋಡಿ ನಗಲಿಲ್ಲ.

ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಹಾಲು ಹೇಗೆ ಕಲಸುತ್ತೀರಮ್ಮ?" ನಾಲ್ಕು ಸ್ಕೂಪ್, 120 ಎಂಎಲ್ ಎಂದೆ. "ಡಬ್ಬ ತರಿಸಿ, ಸ್ಕೂಪ್ ಸಮೇತ" ಎಂದರು. ನನ್ನ ಗಂಡ ಮನೆಗೆ ಓಡಿ ತಂದರು. ಡಬ್ಬ ತಿರುಗಿಸಿ ಓದಿದ ಡಾಕ್ಟರ್ ಏನೂ ಹೇಳದೆ ಆ ಸಾಲಿನ ಮೇಲೆ ಬೆರಳಿಟ್ಟು ನನಗೆ ತೋರಿಸಿದರು. ರಕ್ತ ಪರೀಕ್ಷೆಯಲ್ಲಿ ಸೋಡಿಯಂ ಜಾಸ್ತಿ ಬಂತು. ಎಳೇ ಮಗುವಿನ ಕಿಡ್ನಿಗೆ ಅಷ್ಟು ಲವಣ ಹೊರಹಾಕಲು ಶಕ್ತಿ ಸಾಲದು, ಅದಕ್ಕೆ ಬೇಕಾದ ನೀರನ್ನು ಮೈಯಿಂದಲೇ ಎಳೆದುಕೊಳ್ಳುತ್ತದೆ ಎಂದು ವಿವರಿಸಿದರು. ಎರಡು ರಾತ್ರಿ ಅಡ್ಮಿಟ್ ಆಗಿ, ನಿಧಾನವಾಗಿ ಸರಿಹೋಯಿತು. ನಿಧಾನ ಅನ್ನುವುದನ್ನು ಒತ್ತಿ ಹೇಳುತ್ತೇನೆ. ಇಂಥ ಹೊತ್ತಲ್ಲಿ ಮನೆಯಲ್ಲೇ ಬರೀ ನೀರು ಕುಡಿಸಿ ಸರಿಮಾಡಲು ಹೋಗಬೇಡಿ. ಸೋಡಿಯಂ ಒಮ್ಮೆಲೇ ಇಳಿದರೆ ಮೆದುಳು ಊದಿಕೊಂಡು ಫಿಟ್ಸ್ ಬರಬಹುದು ಎಂದು ಡಾಕ್ಟರ್ ಹೇಳಿದರು. ಸೀದಾ ಆಸ್ಪತ್ರೆಗೆ ಹೋಗಿ, ಡಬ್ಬ ಮತ್ತು ಸ್ಕೂಪ್ ತೆಗೆದುಕೊಂಡು ಹೋಗಿ.

ಇದರ ಉಲ್ಟಾ ಕೂಡ ಆಗುತ್ತದೆ. ಚಿಕ್ಕ ಸ್ಕೂಪ್ ಇಟ್ಟುಕೊಂಡು ದೊಡ್ಡ ಸ್ಕೂಪಿನ ಲೆಕ್ಕ ಹಿಡಿದರೆ ಹಾಲು ಅರ್ಧಕ್ಕರ್ಧ ತೆಳು. ಮಗು ಹೊಟ್ಟೆತುಂಬ ಕುಡಿದಂತೆ ಕಾಣುತ್ತದೆ, ತೂಕ ಏರುವುದಿಲ್ಲ. ರೀಫಿಲ್ ಪ್ಯಾಕ್ ತಂದು ಬೇರೆ ಕಂಪನಿಯ ಹಳೇ ಡಬ್ಬಕ್ಕೆ ಸುರಿಯುವ ಮನೆಗಳಲ್ಲಿ ಇದು ಸುಲಭವಾಗಿ ಆಗುವ ತಪ್ಪು. ರಟ್ಟಿನ ಪೆಟ್ಟಿಗೆ ಬಿಸಾಡುತ್ತೇವೆ, ಅದರ ಜೊತೆಗೆ ಲೇಬಲ್ ಕೂಡ ಹೋಗುತ್ತದೆ. ಸುರಿಯಲೇಬೇಕು ಅಂದರೆ ಅದೇ ಕಂಪನಿ, ಅದೇ ನಂಬರಿನ ಡಬ್ಬವನ್ನು ತೊಳೆದು ಪೂರ್ತಿ ಒಣಗಿಸಿ ಸುರಿಯಿರಿ. ತಳದಲ್ಲಿ ಹಳೇ ಪುಡಿ ಉಳಿದಿರಬಾರದು.

ಆ ನಂಬರಿನ ಬಗ್ಗೆಯೂ ಹೇಳಬೇಕು. 1992ರ ಕಾನೂನಿನ ಪ್ರಕಾರ ನಮ್ಮಲ್ಲಿ ಈ ಡಬ್ಬಗಳ ಮೇಲೆ ಮಗುವಿನ ಚಿತ್ರ ಹಾಕುವಂತಿಲ್ಲ. ಒಳ್ಳೆಯದೇ. ಆದರೆ ಒಂದೇ ಕಂಪನಿಯ ಡಬ್ಬಗಳೆಲ್ಲ ನೋಡಲು ಒಂದೇ ಥರ ಇರುತ್ತವೆ, ದೊಡ್ಡದಾಗಿ ಬರೆದ ಅಂಕಿ ಮಾತ್ರ ಬೇರೆ. 1 ಅಂದರೆ ಆರು ತಿಂಗಳವರೆಗೆ, 2 ಅಂದರೆ ಆರು ತುಂಬಿದ ಮೇಲೆ, 3 ಅಂದರೆ ವರ್ಷ ತುಂಬಿದ ಮೇಲೆ. ಅದು ತಿಂಗಳ ಲೆಕ್ಕ ಅಲ್ಲ. ನಮ್ಮ ಬೀದಿಯಲ್ಲೇ ಒಬ್ಬರು ಮೂರು ತಿಂಗಳ ಮಗುವಿಗೆ 3 ತಂದಿದ್ದರು. ಅಂಕಿಯ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಇರುವ ತಿಂಗಳನ್ನು ಓದಿ. ಆರು ತಿಂಗಳ ನಂತರ ತರುವ ಸೀರಿಯಲ್‌ನಲ್ಲೂ ನೋಡಿ: ಹಾಲಿನ ಪುಡಿ ಮೊದಲೇ ಬೆರೆತಿದ್ದರೆ ನೀರಿನಲ್ಲಿ ಕಲಸಿ ಎಂದು ಬರೆದಿರುತ್ತದೆ. ಪೌಷ್ಟಿಕವಾಗಲಿ ಎಂದು ಅದನ್ನು ಹಾಲಿನಲ್ಲಿ ಕಲಸಬೇಡಿ.

ಇನ್ನೊಂದು ಸಣ್ಣ ವಿಷಯ, ಅತ್ತೆಯೂ ನಾನೂ ಇಬ್ಬರೂ ಮಾಡುತ್ತಿದ್ದದ್ದು. ಪುಡಿ ಮೊದಲು ಹಾಕಿ, ಆಮೇಲೆ 120ರ ಗೆರೆವರೆಗೆ ನೀರು. ನಾಲ್ಕು ಸ್ಕೂಪ್ ಪುಡಿಯೇ ಹದಿಮೂರು ಹದಿನಾಲ್ಕು ಎಂಎಲ್ ಜಾಗ ತಿನ್ನುತ್ತದೆ, ಅಷ್ಟು ನೀರು ಕಡಿಮೆ ಬೀಳುತ್ತದೆ. ಕುದಿಸಿದ ನೀರನ್ನು ಮೊದಲು ಅಳೆದು, ಆಮೇಲೆ ಪುಡಿ. ಸ್ಕೂಪನ್ನು ಒತ್ತಿ ತುಂಬದೆ ಚಾಕುವಿನ ಹಿಂಬದಿಯಿಂದ ಸಮ ಮಾಡಬೇಕು.

ಡಬ್ಬದ ತಳದಲ್ಲಿ ಇರುವ ಎಕ್ಸ್‌ಪೈರಿ ಸೀಲ್ ಒಡೆಯದ ಡಬ್ಬಕ್ಕೆ. ಒಡೆದ ಮೇಲೆ ಎಷ್ಟು ವಾರ ಎನ್ನುವುದು ಬೇರೆ ಸಾಲಿನಲ್ಲಿ ಇರುತ್ತದೆ, ಸಾಮಾನ್ಯವಾಗಿ ಮೂರರಿಂದ ನಾಲ್ಕು ವಾರ. ದಿನಕ್ಕೆ ಒಂದೇ ಬಾಟಲಿ ಕೊಡುವವರಿಗೆ 400 ಗ್ರಾಂ ಇಪ್ಪತ್ತೆರಡು ದಿನ ಬರುತ್ತದೆ. ದಿನ ಬಿಟ್ಟು ದಿನ ಕೊಟ್ಟರೆ ನಲವತ್ತು ದಾಟುತ್ತದೆ. ಅಂಥವರು ಚಿಕ್ಕ ಪ್ಯಾಕನ್ನೇ ತನ್ನಿ. ತೆರೆದ ಪುಡಿ ಫ್ರಿಜ್‌ನಲ್ಲಿ ಬೇಡ, ತೇವ ಹಿಡಿದು ಗಂಟು ಕಟ್ಟುತ್ತದೆ. ಒಲೆ ಪಕ್ಕವೂ ಬೇಡ. ಈ ಪುಡಿ ಪೂರ್ತಿ ಕ್ರಿಮಿರಹಿತ ಅಲ್ಲ. ಅದಕ್ಕೇ ಕಲಸಿದ ಹಾಲು ಎರಡು ಗಂಟೆ ದಾಟಬಾರದು, ಮಗು ಬಾಯಿಟ್ಟು ಬಿಟ್ಟ ಹಾಲನ್ನು ಮತ್ತೆ ಕೊಡಬಾರದು.

ಅತ್ತೆಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಲೇಬಲ್‌ನಲ್ಲಿ ಎಲ್ಲವೂ ಬರೆದಿತ್ತು, ಆದರೆ ಹಾಲು ಕಲಸುವವರಿಗೆ ಓದಲು ಬರುವ ಭಾಷೆಯಲ್ಲಿ ಅಲ್ಲ. ಆಸ್ಪತ್ರೆಯಿಂದ ಬಂದ ದಿನ ಅವರು ಮೂಲೆಯಲ್ಲಿ ಕೂತು ಅತ್ತದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅವರಿಗೆ ಓದಿ ಹೇಳಬೇಕಾದವಳು ನಾನು. ಈಗ ಪ್ರತಿ ಹೊಸ ಡಬ್ಬ ಬಂದಾಗ ಮಾರ್ಕರ್‌ನಲ್ಲಿ ಕನ್ನಡದಲ್ಲಿ ಬರೆದ ಚೀಟಿ ಅಂಟಿಸುತ್ತೇನೆ: ಯಾವ ವಯಸ್ಸಿಗೆ, 120 ನೀರಿಗೆ ಎಷ್ಟು ಸ್ಕೂಪ್, ತೆರೆದ ತಾರೀಕು, ಬಿಸಾಡುವ ತಾರೀಕು. ಅತ್ತೆ ಅದನ್ನು ಜೋರಾಗಿ ಓದಿ ಹೇಳಿದ ಮೇಲೆಯೇ ಸೀಲ್ ಒಡೆಯುತ್ತೇವೆ.