ರಜೆಯ ದಿನ ಮನೆಗೆ ಬರುವ ಸಿಸ್ಟರ್: ಅಪ್ಪನ ಕಾಲಿನ ಗಾಯಕ್ಕೆ ಆದ ಉಪಕಾರ

ನಮ್ಮ ಮನೆ ಬದಿಯಡ್ಕದಿಂದ ಸ್ವಲ್ಪ ಒಳಗೆ. ಅಪ್ಪನಿಗೆ ಶುಗರ್ ಇದೆ. ಕಳೆದ ವರ್ಷ ಹೆಬ್ಬೆರಳಿನ ಬುಡದಲ್ಲಿ, ಅಂಗಾಲಿಗೆ ಗಾಯವಾಯಿತು. ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಮಾಡಬೇಕೆಂದರು ಡಾಕ್ಟರು. ಪ್ರತಿ ಸಲವೂ ಕಾಸರಗೋಡಿಗೆ ಹೋಗಿ ಬಂದರೆ ಅದೇ ಕಾಲಿನ ಮೇಲೆ ಭಾರ ಬೀಳುತ್ತದೆ ಅಲ್ವಾ? ಅದಕ್ಕೇ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುವ ಸಿಸ್ಟರ್ ಒಬ್ಬರನ್ನು ಅವರ ರಜೆಯ ದಿನ ಬರಲು ಕೇಳಿಕೊಂಡೆವು. ಒಂದು ಸಲಕ್ಕೆ 350 ರೂಪಾಯಿ, ಸಾಮಾನು ನಮ್ಮದು.

ವಾರಕ್ಕೆ ಒಂದೇ ರಜೆ. ಹಾಗಾಗಿ ಉಳಿದ ದಿನದ ಡ್ರೆಸ್ಸಿಂಗನ್ನು ನನಗೇ ಕಲಿಸಿದರು. ಅಂಟಿಕೊಂಡ ಗಾಜ್ ಬಟ್ಟೆಯನ್ನು ಎಳೆಯಬಾರದು, ಸಲೈನ್ ಹಾಕಿ ನೆನೆಸಿ ಬಿಡಿಸಬೇಕು. ಎಳೆದರೆ ಹೊಸದಾಗಿ ಬಂದ ಕೆಂಪು ಮಾಂಸವೂ ಕಿತ್ತು ಬರುತ್ತದೆ. ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡನ್ನು ದಿನಾ ಸುರಿಯುವುದನ್ನೂ ಬಿಡಿಸಿದರು. ಅದು ಆ ಹೊಸ ಮಾಂಸವನ್ನೇ ಸುಡುತ್ತದಂತೆ.

ಆದರೆ ನನಗೆ ತುಂಬಾ ಬೆಲೆಯದ್ದು ಅನಿಸಿದ್ದು ಅವರ ಅಳತೆ. ಪ್ರತಿ ವಾರ ಕಾಗದದ ಸ್ಕೇಲನ್ನು ಪಕ್ಕದಲ್ಲಿಟ್ಟು ಫೋಟೊ ತೆಗೆದು, ಉದ್ದ ಅಗಲ ಪುಸ್ತಕದಲ್ಲಿ ಬರೆಯುತ್ತಿದ್ದರು. ಮೊದಲು 3 ಸೆಂಟಿಮೀಟರ್ ಉದ್ದ, 2 ಅಗಲ. ನಾಲ್ಕು ವಾರದ ನಂತರ 2.8 ಮತ್ತು 1.9. ಕೀವಿಲ್ಲ, ವಾಸನೆಯಿಲ್ಲ, ನಮಗೆ ಎಲ್ಲ ಸರಿಯಾಗಿಯೇ ಕಂಡಿತ್ತು. ಅವರು ಮಾತ್ರ ಒಪ್ಪಲಿಲ್ಲ. "ಇಷ್ಟು ಹೊತ್ತಿಗೆ ಸುಮಾರು ಅರ್ಧಕ್ಕೆ ಇಳಿಯಬೇಕಿತ್ತು, ಡಾಕ್ಟರಿಗೆ ತೋರಿಸಿ" ಎಂದರು. ಗಾಯದ ಸುತ್ತ ಚರ್ಮ ದಪ್ಪಗಟ್ಟಿತ್ತು. ಅಪ್ಪ ನಡೆದಾಗಲೆಲ್ಲ ಅದೇ ಒತ್ತುತ್ತಿತ್ತು. ಕಾಲಿಗೆ ಸ್ಪರ್ಶವೇ ಕಡಿಮೆ, ನೋವು ಗೊತ್ತಾಗುವುದಾದರೂ ಹೇಗೆ? ಆ ಚರ್ಮವನ್ನು ಮನೆಯಲ್ಲೇ ಕತ್ತರಿಸಿ ಎಂದು ನಾವು ಕೇಳಿದಾಗ ಸಿಸ್ಟರ್ ಖಡಾಖಂಡಿತವಾಗಿ ಬೇಡವೆಂದರು. ಸರ್ಜನ್ ಅದನ್ನು ತೆಗೆದು, ಗಾಯದ ಜಾಗಕ್ಕೆ ಭಾರ ಬೀಳದಂಥ ಚಪ್ಪಲಿ ಬರೆದುಕೊಟ್ಟರು. ತೋಟಕ್ಕೆ ಹೋಗುವುದನ್ನು ನಿಲ್ಲಿಸಲು ಅಪ್ಪನನ್ನು ಒಪ್ಪಿಸುವುದೇ ದೊಡ್ಡ ಕೆಲಸವಾಯಿತು. ಮುಂದಿನ ನಾಲ್ಕು ವಾರದಲ್ಲಿ ಗಾಯ 2 ಮತ್ತು 1.2ಕ್ಕೆ ಇಳಿಯಿತು. ಮಳೆಗಾಲ ಮುಗಿಯುವಾಗ ಮುಚ್ಚಿತು. ಈಗ ಸಿಸ್ಟರ್ ತಿಂಗಳಿಗೊಮ್ಮೆ ಬಂದು ಎರಡೂ ಪಾದ ನೋಡಿ ಹೋಗುತ್ತಾರೆ.

ಕೊರತೆಯೂ ಇದೆ. ಡ್ಯೂಟಿ ಬದಲಾದರೆ ಬರುವ ದಿನವೂ ಬದಲು, ಅವರ ಬದಲಿಗೆ ಬೇರೆ ಯಾರೂ ಇಲ್ಲ. ತುರ್ತಿಗೆ ಇವರನ್ನು ನಂಬಿ ಕೂರಬಾರದು. ಕೆಂಪು ಹಬ್ಬಿದರೆ, ಪಾದ ಬಿಸಿಯಾಗಿ ಊದಿದರೆ, ಜ್ವರ ಬಂದರೆ, ಕಪ್ಪಾದರೆ ಅದೇ ದಿನ ಆಸ್ಪತ್ರೆಗೆ ಎಂದು ಅವರೇ ಪುಸ್ತಕದ ಮೊದಲ ಪುಟದಲ್ಲಿ ಬರೆದಿದ್ದಾರೆ. ಆ್ಯಂಟಿಬಯೋಟಿಕ್ ಇಂಜೆಕ್ಷನ್ನಿನ ಮೊದಲ ಡೋಸನ್ನು ಮನೆಯಲ್ಲಿ ಕೊಡುವುದಿಲ್ಲ, ಅಲರ್ಜಿಯಾಗಿ ಉಸಿರು ಕಟ್ಟಿದರೆ ಇಲ್ಲಿ ಏನೂ ಮಾಡಲಾಗದು ಎನ್ನುತ್ತಾರೆ. ಚೀಟಿಯಿಲ್ಲದೆ ಮನೆಯಲ್ಲಿ ಸೂಜಿ ಚುಚ್ಚುವವರಿಗಿಂತ ಹೀಗೆ ಇಲ್ಲ ಎನ್ನುವವರ ಮೇಲೆ ನನಗೆ ನಂಬಿಕೆ ಜಾಸ್ತಿ.

ನೀವು ಕೇರಳದಲ್ಲಿದ್ದು, ಮನೆಯವರು ಹಾಸಿಗೆ ಹಿಡಿದಿದ್ದರೆ ಮೊದಲು ಪಂಚಾಯತಿನ ಪಾಲಿಯೇಟಿವ್ ನರ್ಸ್ ಹತ್ತಿರ ವಿಚಾರಿಸಿ. ಅವರು ಮನೆಗೇ ಬರುತ್ತಾರೆ, ದುಡ್ಡು ಕೊಡಬೇಕಿಲ್ಲ.