ಶೇಂಗಾ ಯಾಕೆ ಮಸಾರಿಯಲ್ಲಿ? ಒಂದೇ ಪಾಠಕ್ಕೆ ನಾಲ್ಕು ರೀತಿ ಪ್ರಶ್ನೆ ಕೇಳಿ ನೋಡಿದ್ದು

ಏಳನೇ ತರಗತಿಗೆ ಮಣ್ಣಿನ ಪಾಠ ಮಾಡಲು ಗದಗ ಜಿಲ್ಲೆಗಿಂತ ಒಳ್ಳೆ ಜಾಗ ಸಿಗೋದು ಕಷ್ಟ. ರೋಣ, ನರಗುಂದದ ಕಡೆ ಹೋದರೆ ಕಣ್ಣು ಹಾಯಿಸಿದಷ್ಟು ಎರೆ. ಕಪ್ಪತಗುಡ್ಡದ ಕಡೆ ಬಂದರೆ ಕೆಂಪು ಮಸಾರಿ. ನಮ್ಮ ಶಾಲೆಗೆ ಎರಡೂ ತರಹದ ಹೊಲದ ಮನೆಗಳಿಂದ ಮಕ್ಕಳು ಬರುತ್ತಾರೆ. ಅಪ್ಪ, ಅಜ್ಜನ ಜೊತೆ ಹೊಲಕ್ಕೆ ಹೋಗಿ ಬಂದ ಈ ಮಕ್ಕಳಿಗೆ ಮಣ್ಣಿನ ಬಗ್ಗೆ ಎಷ್ಟೋ ಗೊತ್ತಿರುತ್ತದೆ. ಆದರೆ ತರಗತಿಯಲ್ಲಿ ಅದು ಬಾಯಿಗೆ ಬರುವುದಿಲ್ಲ. "ಎರೆ ಮಣ್ಣಿನ ಬಣ್ಣ ಯಾವುದು?" "ಕಪ್ಪುರೀ!" ಅಲ್ಲಿಗೆ ಮುಗೀತು.

ಹಾಗಾಗಿ ಇದೇ ಪಾಠವನ್ನು ಬೇರೆ ಬೇರೆ ವರ್ಷ, ಬೇರೆ ಬೇರೆ ವಿಭಾಗದಲ್ಲಿ ಪ್ರಶ್ನೆಯ ರೀತಿ ಬದಲಿಸಿ ಮಾಡುತ್ತಾ ಬಂದೆ. ಪ್ರಯೋಗ ಮಾತ್ರ ಎಲ್ಲದರಲ್ಲೂ ಒಂದೇ. ಎರಡು ನೀರಿನ ಬಾಟಲಿಯ ತಳ ಕತ್ತರಿಸಿ, ಬಾಯಿಗೆ ಬಟ್ಟೆ ಕಟ್ಟಿ ತಲೆಕೆಳಗಾಗಿ ನಿಲ್ಲಿಸುವುದು. ಒಂದಕ್ಕೆ ಪುಡಿ ಮಾಡಿದ ಒಣ ಎರೆ, ಇನ್ನೊಂದಕ್ಕೆ ಅಷ್ಟೇ ಒಣ ಮಸಾರಿ. ಮೇಲಿಂದ ಒಂದೊಂದು ಲೋಟ ನೀರು. ಮಸಾರಿಯಲ್ಲಿ ನೀರು ಬೇಗ ಕೆಳಗೆ ಇಳಿಯುತ್ತದೆ. ಎರೆಯಲ್ಲಿ ನಿಧಾನ, ಇಳಿಯುವ ನೀರೂ ಕಡಿಮೆ.

ಮೊದಲ ರೀತಿ ನಮ್ಮಲ್ಲಿ ಎಲ್ಲರಿಗೂ ರೂಢಿಯಾದದ್ದು. ಪಾಠ ಯೋಜನೆಯಲ್ಲಿ "ಪ್ರಶ್ನೋತ್ತರ" ಅಂತ ಒಂದು ಸಾಲು ಬರೆದಿರುತ್ತೇವೆ, ಪ್ರಶ್ನೆ ಮಾತ್ರ ಆ ಹೊತ್ತಿಗೆ ಬಾಯಿಗೆ ಬಂದದ್ದು. ಆಗ ಬರುವ ಪ್ರಶ್ನೆಗಳೆಲ್ಲಾ ಬಹುತೇಕ ಒಂದೇ ಜಾತಿಯವು: ಯಾವುದು, ಎಲ್ಲಿ, ಎಷ್ಟು. ಇಲ್ಲವೇ ವಾಕ್ಯದ ತುದಿಯನ್ನು ಮಕ್ಕಳಿಗೆ ಬಿಟ್ಟುಕೊಡುವುದು. "ಎರೆ ಮಣ್ಣು ನೀರನ್ನು ಹಿಡಿದಿಟ್ಟುಕೊ..." "ಳ್ಳುತ್ತದೆ!" ಇಡೀ ತರಗತಿ ಒಟ್ಟಿಗೆ ಕೂಗುತ್ತದೆ. ಕೇಳಲು ಚೆಂದ, ಆದರೆ ಆ ಕೂಗಿನಲ್ಲಿ ಯಾರಿಗೆ ಗೊತ್ತು, ಯಾರಿಗೆ ಗೊತ್ತಿಲ್ಲ ಅನ್ನುವುದು ತಿಳಿಯುವುದೇ ಇಲ್ಲ. ಹಿಂದಿನ ಪಾಠ ನೆನಪಿಸಲು ಐದು ನಿಮಿಷ ಇದು ಸಾಕು. ಅದಕ್ಕಿಂತ ಹೆಚ್ಚಿನದನ್ನು ಇದರಿಂದ ಬಯಸಬಾರದು.

ಎರಡನೆಯದು, ಪ್ರಶ್ನೆಯನ್ನು ಹಿಂದಿನ ದಿನವೇ ಬರೆದುಕೊಂಡು ಹೋಗುವುದು. ಇಲ್ಲಿ ಒಂದು ವಿಷಯ ನಿಧಾನಕ್ಕೆ ಹೇಳಬೇಕು, ಯಾಕಂದರೆ ತುಂಬಾ ಜನ ಶಿಕ್ಷಕರು ಇಲ್ಲೇ ಎಡವುವುದನ್ನು ನೋಡಿದ್ದೇನೆ. "ಯಾಕೆ" ಅಂತ ಶುರುವಾದ ಪ್ರಶ್ನೆಯೆಲ್ಲಾ ಯೋಚನೆಯ ಪ್ರಶ್ನೆ ಆಗುವುದಿಲ್ಲ. "ಎರೆ ಮಣ್ಣು ನೀರನ್ನು ಯಾಕೆ ಹೆಚ್ಚು ಹಿಡಿದಿಡುತ್ತದೆ?" ಅನ್ನುವುದಕ್ಕೆ ಪಾಠದಲ್ಲೇ ಉತ್ತರ ಇರುತ್ತದೆ: ಜೇಡಿನ ಅಂಶ ಹೆಚ್ಚು, ಕಣ ಸಣ್ಣ, ನಡುವಿನ ಸಂದು ಸಣ್ಣ. ಮಗು ಅದನ್ನು ಒಪ್ಪಿಸಿದರೆ ಅದೂ ನೆನಪೇ. ಪ್ರಶ್ನೆ ಯಾವ ಮಟ್ಟದ್ದು ಅನ್ನುವುದು ಅದರ ಮೊದಲ ಪದದಿಂದ ತೀರ್ಮಾನ ಆಗುವುದಿಲ್ಲ, ಉತ್ತರವನ್ನು ನಾವು ಆಗಲೇ ಹೇಳಿಬಿಟ್ಟಿದ್ದೇವಾ ಅನ್ನುವುದರಿಂದ ಆಗುತ್ತದೆ. ಇದನ್ನು ಪತ್ತೆ ಹಚ್ಚುವುದು ಸುಲಭ. ಮೂರ್ನಾಲ್ಕು ಮಕ್ಕಳ ಉತ್ತರ ಕೇಳಿ. ಎಲ್ಲರ ಬಾಯಲ್ಲೂ ಅವೇ ಪದ, ಅದೇ ಕ್ರಮದಲ್ಲಿ ಬಂದರೆ ಅದು ನೆನಪಿನ ಪ್ರಶ್ನೆ.

ಹೀಗೆ ಯೋಚಿಸಿ ನಾನು ಬರೆದುಕೊಂಡ ಮುಖ್ಯ ಪ್ರಶ್ನೆ ಇದು: "ಎರೆ ಹೊಲದಲ್ಲಿ ನೀರು ಜಾಸ್ತಿ ನಿಲ್ಲುತ್ತದೆ ಅಂತ ಈಗ ನೋಡಿದಿರಿ. ಹಾಗಿದ್ದರೂ ನಮ್ಮ ಕಡೆ ಶೇಂಗಾ ಬಿತ್ತಲು ಮಸಾರಿಯನ್ನೇ ಯಾಕೆ ಹುಡುಕುತ್ತಾರೆ?" ಇದಕ್ಕೆ ಪಾಠದಲ್ಲಿ ಉತ್ತರ ಇಲ್ಲ. ಬಾಟಲಿಯಲ್ಲಿ ಕಂಡದ್ದು ಒಂದು ಕಡೆ ಎಳೆಯುತ್ತದೆ, ಹೊಲದಲ್ಲಿ ಕಂಡದ್ದು ಇನ್ನೊಂದು ಕಡೆ. ಎರಡನ್ನೂ ಕೂಡಿಸಿದರೆ ಮಾತ್ರ ಉತ್ತರ.

ಪ್ರಶ್ನೆ ಚೆನ್ನಾಗಿತ್ತು. ಆದರೂ ಇಷ್ಟರಿಂದಲೇ ಚರ್ಚೆ ಹುಟ್ಟಲಿಲ್ಲ. ಕೇಳಿದ ತಕ್ಷಣ ಮುಂದಿನ ಸಾಲಿನ ಎರಡು ಕೈ ಮೇಲೆ. ಅವರಲ್ಲಿ ಒಬ್ಬಳು ಹೇಳಿದಳು, ಉಳಿದವರು ಕೇಳಿಸಿಕೊಂಡರು. ಒಂದು ಕೈ ಮೇಲೇರಿದ ಕೂಡಲೇ ಮಿಕ್ಕ ಮಕ್ಕಳು ಯೋಚಿಸುವುದನ್ನು ನಿಲ್ಲಿಸುತ್ತಾರೆ. ಉತ್ತರ ಹೇಗೂ ಬರುತ್ತದೆ ಅಂತ ಅವರಿಗೆ ಗೊತ್ತು. ಹೆಸರು ಮೊದಲು ಹೇಳಿ ಆಮೇಲೆ ಪ್ರಶ್ನೆ ಕೇಳಿದರೂ ಇದೇ ಕಥೆ, ಆ ಒಬ್ಬರನ್ನು ಬಿಟ್ಟು ಎಲ್ಲರಿಗೂ ಬಿಡುಗಡೆ.

ಮೂರನೆಯದರಲ್ಲಿ ಪ್ರಶ್ನೆಯ ಜೊತೆ ಕಾಯುವ ಹೊತ್ತನ್ನೂ ಚೀಟಿಯಲ್ಲಿ ಬರೆದುಕೊಂಡೆ. ಅಮೆರಿಕದ ವಿಜ್ಞಾನ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತರಗತಿಗಳ ಧ್ವನಿಮುದ್ರಣ ಕೇಳಿ ಇದನ್ನು ತೋರಿಸಿದ್ದರು. ಶಿಕ್ಷಕರು ಪ್ರಶ್ನೆ ಕೇಳಿ ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ. ಅದು ಮೂರು ಸೆಕೆಂಡು ದಾಟಿದರೆ ಉತ್ತರ ಉದ್ದವಾಗುತ್ತದೆ, ಸುಮ್ಮನೆ ಕೂರುವವರು ಕಡಿಮೆಯಾಗುತ್ತಾರೆ, "ಕಲಿಕೆಯಲ್ಲಿ ಹಿಂದೆ" ಅಂತ ನಾವು ಅಂದುಕೊಂಡವರೂ ಬಾಯಿ ಬಿಡುತ್ತಾರೆ. ಮುಖ್ಯ ವಿಷಯ ಏನಂದರೆ, ಅವರು ಎರಡು ಕಡೆ ಕಾಯಬೇಕು ಅಂದಿದ್ದರು: ಪ್ರಶ್ನೆ ಕೇಳಿದ ಮೇಲೆ ಒಮ್ಮೆ, ಮಗು ಉತ್ತರ ಹೇಳಿ ನಿಲ್ಲಿಸಿದ ಮೇಲೆ ಇನ್ನೊಮ್ಮೆ.

ತರಗತಿಯ ಎದುರು ನಿಂತವರಿಗೆ ಮೂರು ಸೆಕೆಂಡು ತುಂಬಾ ಉದ್ದ. ಗಡಿಯಾರ ನೋಡುವ ಹಾಗಿಲ್ಲ. ನಾನು ಪ್ರಶ್ನೆ ಕೇಳಿ, ಅದನ್ನೇ ಮನಸ್ಸಿನಲ್ಲಿ ಇನ್ನೊಮ್ಮೆ ನಿಧಾನಕ್ಕೆ ಓದಿಕೊಳ್ಳುತ್ತೇನೆ. ನಂತರ ಹಿಂದಿನ ಬೆಂಚಿನ ಈ ತುದಿಯಿಂದ ಆ ತುದಿಗೆ ಒಂದು ಸಲ ಕಣ್ಣು ಹಾಯಿಸುತ್ತೇನೆ. ಅಷ್ಟರಲ್ಲಿ ಏಳೆಂಟು ಸೆಕೆಂಡು ಆಗಿರುತ್ತದೆ. "ನಾ ಹೆಸರ ಕರಿಯೋತನಕ ಯಾರೂ ಕೈ ಎತ್ತಬ್ಯಾಡ್ರಿ" ಅಂತ ಮೊದಲೇ ಹೇಳಿರಬೇಕು. ಈ ಹೊತ್ತಿನಲ್ಲಿ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಮತ್ತೆ ಕೇಳಲೇಬಾರದು. ಹಾಗೆ ಮಾಡಿದರೆ ಮಕ್ಕಳು ಹಳೆ ಯೋಚನೆ ಬಿಟ್ಟು ಹೊಸದಾಗಿ ಶುರು ಮಾಡಬೇಕಾಗುತ್ತದೆ.

ಆ ದಿನ ಕರೆದದ್ದು ಹೆಚ್ಚು ಮಾತಾಡದ ಒಬ್ಬ ಹುಡುಗನನ್ನು. "ಎರಿಯೊಳಗ ಶೇಂಗಾ ಕೀಳಾಕ ಬರಂಗಿಲ್ರಿ" ಅಂದ. ಇಲ್ಲಿ ನಾಲಿಗೆ ತುದಿಗೆ "ಶಾಬಾಶ್" ಬಂದಿರುತ್ತದೆ. ಅದನ್ನು ನುಂಗಿ, ತಲೆಯಾಡಿಸಿ, ಅವನನ್ನೇ ನೋಡುತ್ತಾ ನಿಂತೆ. ಅವನೇ ಮುಂದುವರಿಸಿದ: "ಒಣಗಿದ್ರ ಎರಿ ಗಟ್ಟಿ ಆಗ್ತೈತ್ರಿ. ಬಳ್ಳಿ ಹಿಡದ ಜಗ್ಗಿದ್ರ ಕಾಯಿ ಮಣ್ಣಾಗ ಉಳಿತಾವ್ರಿ." ನಾನು ಆಗಲೂ ಸುಮ್ಮನಿದ್ದೆ. ಪಕ್ಕದ ಸಾಲಿನ ಹುಡುಗಿ, "ಹಸಿ ಇದ್ದಾಗ ಕಿತ್ರ ಮಣ್ಣೂ ಅಂಟ್ಕೊಂಡ ಬರ್ತೈತ್ರಿ ಟೀಚರ್" ಅಂದಳು. ಹಿಂದಿನಿಂದ ಇನ್ನೊಬ್ಬ: "ನಮ್ಮ ಮಾವನ ಹೊಲ ಎರಿನ ಐತ್ರಿ, ಅವ್ರೂ ಶೇಂಗಾ ಹಾಕ್ತಾರ." ಚರ್ಚೆ ನಿಜವಾಗಿ ಹೊತ್ತಿಕೊಂಡದ್ದು ಈ ಮಾತಿಗೆ. "ಹಂಗಾರ ಅವ್ರು ಕೀಳೂದು ಹೆಂಗ?" ಅಂತ ಕೇಳಿದ್ದು ನಾನಲ್ಲ, ಮೊದಲ ಹುಡುಗ. ನೀರು ಬಿಟ್ಟು ಮಣ್ಣು ಮೆತ್ತಗಾದ ಮೇಲೆ ಕೀಳುತ್ತಾರೆ ಅಂತ ಉತ್ತರ ಬಂತು. ಆಗ ನಾನು ಚೀಟಿಯಲ್ಲಿದ್ದ ಮುಂದಿನ ಪ್ರಶ್ನೆ ಇಟ್ಟೆ: "ಹೂವು ಉದುರಿದ ಮೇಲೆ ಅದರಿಂದ ಒಂದು ಎಳೆ ಕೆಳಗಿಳಿದು ಮಣ್ಣಿನೊಳಗೆ ಹೊಕ್ಕಾಗಲೇ ಶೇಂಗಾ ಕಾಯಿ ಆಗೋದು. ಆ ಎಳೆಗೆ ಯಾವ ಮಣ್ಣು ಸಲೀಸು?" ಕೀಳುವ ಕಷ್ಟದಿಂದ ಕಾಯಿ ಕಟ್ಟುವ ಕಾರಣಕ್ಕೆ ಮಾತು ತಾನಾಗಿ ಹೋಯಿತು.

ಎರಡನೇ ಸಲ ಕಾಯುವುದಕ್ಕೆ ಬೇರೆ ತಯಾರಿ ಬೇಡ, ಸಾಮಾನು ಬೇಡ. ನಾಲ್ಕೂ ರೀತಿಗಳಲ್ಲಿ ಅತಿ ಕಡಿಮೆ ಖರ್ಚಿಗೆ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ. ನಾವು "ಸರಿ" ಅಂದ ಕ್ಷಣ ಮಕ್ಕಳಿಗೆ ವಿಷಯ ಮುಗಿಯಿತು ಅಂತ ಅರ್ಥ. "ಸರಿ" ಅನ್ನದಿದ್ದರೆ ಅದು ಇನ್ನೂ ತೆರೆದೇ ಇದೆ.

ನಾಲ್ಕನೆಯದು ಬರೆಸಿ ಕಾಯುವುದು. ಪ್ರಶ್ನೆಯನ್ನು ಹಲಗೆ ಮೇಲೆ ಬರೆದು, ಒಂದು ನಿಮಿಷ ಪ್ರತಿಯೊಬ್ಬರೂ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯಬೇಕು. ಆಮೇಲೆ ಎರಡು ನಿಮಿಷ ಪಕ್ಕದವರ ಜೊತೆ ಮಾತು, ನಂತರ ಎಲ್ಲರ ಎದುರು. ಅಮೆರಿಕದ ಫ್ರಾಂಕ್ ಲೈಮನ್ 1981ರಲ್ಲಿ ಹೇಳಿದ ಯೋಚಿಸು-ಜೋಡಿಯಾಗು-ಹಂಚಿಕೊ ಪದ್ಧತಿಯೇ ಇದು, ಬರೆಸುವುದನ್ನು ಮಾತ್ರ ನಾನು ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ. ಬರೆಯದೇ ನೇರ ಜೋಡಿಗೆ ಬಿಟ್ಟರೆ ಇಬ್ಬರಲ್ಲಿ ಜೋರಿನವರು ಹೇಳುತ್ತಾರೆ, ಇನ್ನೊಬ್ಬರು ಹೂಂ ಅನ್ನುತ್ತಾರೆ. ಬರೆಸಿದರೆ ನಾನು ಸಾಲುಗಳ ನಡುವೆ ಓಡಾಡಿ ಇಣುಕಿ ನೋಡಬಹುದು, ಯಾರ ಉತ್ತರವನ್ನು ಮೊದಲು ಹೇಳಿಸಬೇಕು ಅಂತ ಆರಿಸಬಹುದು. ಅರ್ಧ ಸರಿ ಇರುವ ಉತ್ತರವನ್ನು ಮೊದಲು ಹೇಳಿಸುವುದು ಒಳ್ಳೆಯದು, ಉಳಿದವರಿಗೆ ಸೇರಿಸಲು ಜಾಗ ಇರುತ್ತದೆ.

ಇದರ ಬೆಲೆ ಸಮಯ. 40 ನಿಮಿಷದ ಅವಧಿಯಲ್ಲಿ ಇಂಥ ಒಂದು ಪ್ರಶ್ನೆಗೆ ಹತ್ತು-ಹನ್ನೆರಡು ನಿಮಿಷ ಹಿಡಿಯುತ್ತದೆ. ಮೂರನೆಯ ರೀತಿಯಲ್ಲಿ ಆರೇಳು ನಿಮಿಷ ಸಾಕು. ಮಕ್ಕಳು ನಲವತ್ತು ದಾಟಿದ ತರಗತಿಯಲ್ಲಿ ನಾನು ನಾಲ್ಕನೆಯದನ್ನೇ ಆರಿಸುತ್ತೇನೆ. ಅಷ್ಟು ಜನರಲ್ಲಿ ಮೌನವಾಗಿ ಕಾದರೂ ಹಿಂದಿನ ಸಾಲು ಯೋಚಿಸುತ್ತಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಇಪ್ಪತ್ತೈದರ ಒಳಗಿದ್ದರೆ ಮೂರನೆಯದು. ಮಾತು ಆಗ ಹೆಚ್ಚು ಸಹಜವಾಗಿ ಹರಿಯುತ್ತದೆ, ಬರೆಯಲು ತಡವರಿಸುವ ಮಕ್ಕಳಿಗೂ ಅನುಕೂಲ.

ಕಾಯುವುದು ಕೆಲಸ ಮಾಡದ ಜಾಗವೂ ಇದೆ. "ಎರೆ ಮಣ್ಣಿನ ಬಣ್ಣ ಯಾವುದು?" ಅಂತ ಕೇಳಿ ಎಂಟು ಸೆಕೆಂಡು ನಿಂತರೆ ಪಿಸುಮಾತು ಶುರುವಾಗುತ್ತದೆ ಅಷ್ಟೇ. ನೆನಪಿನ ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಆಗಲೇ ಗೊತ್ತು, ಇಲ್ಲದಿದ್ದರೆ ಕಾದರೂ ಬರುವುದಿಲ್ಲ. ಇನ್ನು ದೊಡ್ಡ ಪ್ರಶ್ನೆಗೂ ಕಾದ ಮೇಲೆ ಒಬ್ಬರಾದ ಮೇಲೊಬ್ಬರು "ಗೊತ್ತಿಲ್ರಿ" ಅಂದರೆ, ಇನ್ನಷ್ಟು ಕಾಯುವುದರಲ್ಲಿ ಅರ್ಥ ಇಲ್ಲ. ಪ್ರಶ್ನೆ ಅವರ ಕೈಗೆ ಎಟುಕುತ್ತಿಲ್ಲ. ಅದಕ್ಕೇ ಚೀಟಿಯಲ್ಲಿ ಮುಖ್ಯ ಪ್ರಶ್ನೆಯ ಕೆಳಗೆ ಒಂದು ಇಳಿಮೆಟ್ಟಿಲು ಇರಬೇಕು.

ಈಗ ನನ್ನ ಚೀಟಿಯಲ್ಲಿ ಒಂದು ಅವಧಿಗೆ ಎರಡಕ್ಕಿಂತ ಹೆಚ್ಚು ಮುಖ್ಯ ಪ್ರಶ್ನೆ ಇರುವುದಿಲ್ಲ. ಪ್ರತಿಯೊಂದರ ಪಕ್ಕದಲ್ಲಿ "ಮೌನ" ಅಥವಾ "ಬರೆಸು" ಅಂತ ಇರುತ್ತದೆ. ಕೆಳಗೆ ಬರಬಹುದಾದ ಎರಡು ಮೂರು ಉತ್ತರ, ಅದರಲ್ಲಿ ಒಂದಾದರೂ ತಪ್ಪು ಉತ್ತರ. ಶೇಂಗಾ ಪ್ರಶ್ನೆಗೆ ನಾನು ಊಹಿಸಿ ಬರೆದಿದ್ದ ತಪ್ಪು ಉತ್ತರ "ಶೇಂಗಾಕ್ಕೆ ನೀರೇ ಬೇಕಾಗಿಲ್ಲ" ಅನ್ನುವುದು. ಅದು ಬಂದೇ ಬಂತು. ಅದಕ್ಕೆ ಮೊದಲೇ ಬರೆದಿಟ್ಟಿದ್ದ ಮರುಪ್ರಶ್ನೆ: "ಹಂಗಾರ ಮಳಿ ಕೈ ಕೊಟ್ಟ ವರ್ಷ ಶೇಂಗಾ ಯಾಕ ಕಾಯಿ ಕಟ್ಟಲ್ಲ?" ಇಳಿಮೆಟ್ಟಿಲಿನ ಪ್ರಶ್ನೆ ಬಾಟಲಿಯದ್ದೇ: "ಎರಡರಲ್ಲಿ ಯಾವ ಮಣ್ಣು ಈಗ ಮುಟ್ಟಿದರೆ ಬೆರಳಿಗೆ ಅಂಟುತ್ತದೆ? ಬಂದು ಮುಟ್ಟಿ ನೋಡಿ." ಇಷ್ಟು ಬರೆಯಲು ಹಿಂದಿನ ಸಂಜೆ ಅರ್ಧ ಗಂಟೆ ಬೇಕು. ಎಲ್ಲ ಪಾಠಕ್ಕೂ ಇದು ಆಗದ ಮಾತು. ವಾರಕ್ಕೆ ಒಂದು ಪಾಠ ಆರಿಸಿಕೊಂಡು ಮಾಡುತ್ತೇನೆ. ಚೀಟಿಯನ್ನು ಆ ಪಾಠದ ಪುಟಕ್ಕೇ ಅಂಟಿಸಿಟ್ಟರೆ ಮುಂದಿನ ವರ್ಷಕ್ಕೂ ಇರುತ್ತದೆ, ಮಕ್ಕಳು ಹೇಳಿದ ಹೊಸ ಉತ್ತರ ಸೇರಿಸಿಕೊಂಡರೆ ಆಯಿತು. ಮಾವನ ಎರೆ ಹೊಲದ ಶೇಂಗಾ ಈಗ ಅದರಲ್ಲಿದೆ.